ಮೇಣದಿಂದ ಮೂರ್ತಿ, ತವರದಿಂದ ಕಲಾಯಿ

ನಾಗಮಂಗಲದ ಲೋಹಶಿಲ್ಪಿ ಎರಕದ ಮೂರ್ತಿ ಮಾಡಲು ಕೂತಾಗ ಮೊದಲು ಕೈಗೆತ್ತಿಕೊಳ್ಳುವುದು ಲೋಹವನ್ನಲ್ಲ, ಮೇಣವನ್ನು. ಜೇನುಮೇಣಕ್ಕೆ ರಾಳ, ಎಣ್ಣೆ ಬೆರೆಸಿ ಹದ ಮಾಡಿ, ಕಣ್ಣು, ಮೂಗು, ಬೆರಳಿನ ಉಂಗುರದವರೆಗೆ ಎಲ್ಲವನ್ನೂ ಅದರಲ್ಲೇ ತಿದ್ದುತ್ತಾರೆ. ಅದರ ಮೇಲೆ ಮೊದಲು ನುಣುಪಾದ ಮಣ್ಣು, ಒಣಗಿದ ಮೇಲೆ ಒರಟು ಮಣ್ಣು ಮೆತ್ತುತ್ತಾರೆ. ಬೆಂಕಿಗಿಟ್ಟಾಗ ಮೇಣ ಕರಗಿ ಕಂಡಿಯಿಂದ ಹರಿದುಹೋಗುತ್ತದೆ. ಖಾಲಿಯಾದ ಆ ಜಾಗಕ್ಕೆ ಕಾದ ಲೋಹ ಎರೆಯುತ್ತಾರೆ. ಅಚ್ಚಿನಲ್ಲಿ ತೇವ ಉಳಿದಿದ್ದರೆ ಆವಿ ಎದ್ದು ಲೋಹ ಹೊರಗೆ ಸಿಡಿಯುತ್ತದೆ. ಅಚ್ಚು ಆರಿಹೋಗಿದ್ದರೆ ಲೋಹ ಬೆರಳ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಅದು ಗೊತ್ತಾಗುವುದು ಮಣ್ಣು ಒಡೆದ ಮೇಲೆ. ಆಗ ಮೇಣವೂ ಇಲ್ಲ, ಅಚ್ಚೂ ಇಲ್ಲ, ಮೊದಲಿನಿಂದ ಶುರುಮಾಡಬೇಕು.

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕಸುಬುಗಳ ಮೇಲೆ ಸಾಕ್ಷ್ಯಚಿತ್ರ ಮಾಲಿಕೆ ಮಾಡಲು ನಾವು ಕೆಲವರು ಹೊರಟಾಗ ಎಲ್ಲ ಕಂತಿಗೂ ಒಂದೇ ಜಾಡಿನ ಹೆಸರು ಬೇಕೆಂದು ಹಠ ಹಿಡಿದೆವು. ಒಂದು ಕಂತು ನೋಡಿದವರಿಗೆ ಇನ್ನೊಂದರ ಹೆಸರು ಕಂಡ ಕೂಡಲೇ ಇದು ಅದರ ಒಡಹುಟ್ಟು ಎಂದು ತಿಳಿಯಬೇಕು. ಆಯ್ದ ಕಸುಬುಗಳು ಇವು: ನಾಗಮಂಗಲದ ಎರಕ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕೈಮಗ್ಗ, ಕೆ.ಆರ್. ಪೇಟೆಯ ಆಲೆಮನೆ, ಶ್ರೀರಂಗಪಟ್ಟಣದ ಗಂಜೀಫಾ.

ಮೊದಲು ಹೊಳೆದದ್ದು ಊರಿನ ಹೆಸರು: ನಾಗಮಂಗಲದ ಮೂರ್ತಿ, ಮೇಲುಕೋಟೆಯ ಪಂಚೆ. ಇದು ಕೆ.ಆರ್. ಪೇಟೆಯಲ್ಲಿ ಮುಗ್ಗರಿಸಿತು. ಆಲೆಮನೆ ಜಿಲ್ಲೆಯ ಉದ್ದಗಲಕ್ಕೂ ಇದೆ. ಬೆಲ್ಲವನ್ನು ಒಂದೇ ಪೇಟೆಗೆ ಬರೆದುಕೊಟ್ಟರೆ ಮಂಡ್ಯದವರು ಸುಮ್ಮನಿರುವುದಿಲ್ಲ. ಎರಡನೆಯದು ಮಾಡುವವರ ಹೆಸರು: ಕಂಚುಗಾರ, ನೇಕಾರ, ಚಿತ್ರಗಾರ. ಕೇಳಲು ಎಷ್ಟು ಚೆನ್ನ! ಆದರೆ ಇವು ಕಸುಬಿನ ಹೆಸರುಗಳಷ್ಟೇ ಅಲ್ಲ, ಜಾತಿಯ ಹೆಸರುಗಳೂ ಹೌದು. ಮಗ್ಗದ ಮುಂದೆ ಕೂತ ಹೆಂಗಸು ಬೇರೆ ಜಾತಿಯವಳಾಗಿದ್ದರೆ ಶೀರ್ಷಿಕೆಯೇ ಅವಳನ್ನು ಹೊರಗಿಡುತ್ತದೆ. ಮೂರನೆಯದು ‘ಮೂರ್ತಿ ಎರೆದವರು’, ‘ಪಂಚೆ ನೇಯ್ದವರು’. ಬದುಕಿರುವವರಿಗೆ ಭೂತಕಾಲ ಹಚ್ಚುವುದು ನನಗೆ ಸಹಿಸಲಾಗಲಿಲ್ಲ. ಅಳಿಯುತ್ತಿದೆ ಎನ್ನುವುದು ಬೇರೆ, ಅಳಿಯಿತು ಎನ್ನುವುದು ಬೇರೆ.

ಕೊನೆಗೆ ದಾರಿ ತೋರಿದ್ದು ಆ ಮೇಣವೇ. ‘ಮೇಣದಿಂದ ಮೂರ್ತಿ’. ಎರಡೇ ಪದ, ಮೊಬೈಲಿನ ಪುಟ್ಟ ಪರದೆಯಲ್ಲೂ ಓದಬಹುದು. ಲೋಹದ ಮೂರ್ತಿಗೆ ಮೇಣವೇಕೆ ಎಂಬ ಪ್ರಶ್ನೆ ಹೆಸರಿನಲ್ಲೇ ಹುಟ್ಟುತ್ತದೆ, ಉತ್ತರಕ್ಕೆ ಕಂತು ನೋಡಬೇಕು. ಉಳಿದವು ತಾವಾಗಿ ಕೂಡಿಬಂದವು: ನೂಲಿನಿಂದ ಪಂಚೆ, ಕಬ್ಬಿನಿಂದ ಬೆಲ್ಲ, ಕಾಗದದಿಂದ ಗಂಜೀಫಾ. ಊರಿನ ಹೆಸರು ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ.

ಗಂಜೀಫಾ ಎಂದರೆ ಕೈಯಲ್ಲಿ ಬರೆದ ದುಂಡನೆಯ ಆಟದ ಎಲೆಗಳು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ತಾವೇ ಹೊಸದಾಗಿ ಹೊಸೆದರು. ಶ್ರೀರಂಗಪಟ್ಟಣದಲ್ಲಿ ಈ ಕಲೆಗೆ ಮರುಜೀವ ಕೊಟ್ಟವರು ಗಂಜೀಫಾ ರಘುಪತಿ ಭಟ್ಟರು. ಈ ಪದವನ್ನೇ ಕೇಳದವರು ಬಹಳ ಮಂದಿ. ಕೇಳಿದವರು ಹುಡುಕುವುದೂ ಅದೇ ಪದವನ್ನು. ಹಾಗಾಗಿ ಪ್ರಾಸಕ್ಕಾಗಿ ‘ಕಾಗದದಿಂದ ಎಲೆ’ ಎನ್ನಲಿಲ್ಲ.

ಜಾಡು ಗಟ್ಟಿಯೋ ಎಂದು ತಿಳಿಯಲು ಮುಂದಿನ ಕಂತುಗಳನ್ನೂ ಅದಕ್ಕೆ ಹಾಕಿ ನೋಡಬೇಕು. ಬಿದಿರಿನಿಂದ ಬುಟ್ಟಿ, ಮಣ್ಣಿನಿಂದ ಮಡಕೆ: ಸಲೀಸು. ತೊಡಕಾದದ್ದು ಕಲಾಯಿ. ಕಲಾಯಿಯವನು ಹೊಸದೇನನ್ನೂ ಮಾಡುವುದಿಲ್ಲ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ತಾಗಿಸಿ, ಹತ್ತಿಯಿಂದ ಒಳಮೈಗೆ ಸವರುತ್ತಾನೆ. ಪಾತ್ರೆಯಾಗಿ ಬಂದದ್ದು ಪಾತ್ರೆಯಾಗಿಯೇ ಹೋಗುತ್ತದೆ. ಸಾಣೆ ಹಿಡಿಯುವವನದೂ ಬೀಸುಕಲ್ಲಿಗೆ ಉಳಿ ಹೊಡೆಯುವವನದೂ ಇದೇ ಕತೆ. ನಮ್ಮ ಜಾಡಿನಲ್ಲಿ ಹೋದರೆ ದುರಸ್ತಿಯ ಕಸುಬುಗಳೆಲ್ಲ ಮಾಲಿಕೆಯಿಂದ ಆಚೆ ಉಳಿಯುತ್ತಿದ್ದವು. ಹಳ್ಳಿಗಳಿಂದ ಬೇಗ ಮರೆಯಾಗುತ್ತಿರುವುದೂ ಅವೇ. ತಾಮ್ರದ ಜಾಗಕ್ಕೆ ಸ್ಟೀಲು ಬಂದ ಮನೆಯಲ್ಲಿ ಕಲಾಯಿಗೆ ಏನು ಕೆಲಸ?

ಕನ್ನಡದ ‘ಇಂದ’ ಇಲ್ಲಿ ಕೈಹಿಡಿಯಿತು. ಯಾವುದರಿಂದ ಆಯಿತು ಎನ್ನಲೂ ಅದೇ, ಯಾವುದನ್ನು ಹಿಡಿದು ಮಾಡಿದರು ಎನ್ನಲೂ ಅದೇ. ತವರದಿಂದ ಕಲಾಯಿ. ಸಾಣೆಯಿಂದ ಹರಿತ. ಮೊದಲ ಪದ ಒಂದೆಡೆ ಸಾಮಗ್ರಿ, ಇನ್ನೊಂದೆಡೆ ಸಲಕರಣೆ ಆಯಿತೆಂದು ನಮ್ಮ ಸಂಕಲನಕಾರರಿಗೆ ಇನ್ನೂ ಅಸಮಾಧಾನವಿದೆ. ಅವರ ಮಾತು ಸರಿ. ಆದರೂ ಅಚ್ಚುಕಟ್ಟಾದ ಹೆಸರಿಗಾಗಿ ಒಬ್ಬ ಕಸುಬುದಾರನನ್ನು ಬಿಡುವುದಕ್ಕಿಂತ ಇಷ್ಟು ಸಡಿಲ ಮೇಲು ಎಂಬುದೇ ನನ್ನ ಎಣಿಕೆ.

ಐದನೇ ಕಂತಿನ ಹೆಸರು ಬರೆದಿಟ್ಟಾಗಿದೆ. ಹಬ್ಬದ ಹಿಂದಿನ ವಾರಗಳಲ್ಲಿ ತಿದಿ ಹೊತ್ತು ಬೀದಿಗೆ ಬರುತ್ತಿದ್ದ ಕಲಾಯಿಯವರಲ್ಲಿ ಈಗ ಯಾರಾದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಇದ್ದಾರೆಯೇ ಎಂದು ಸಂತೆ ಸಂತೆಯಲ್ಲಿ ವಿಚಾರಿಸುತ್ತಿದ್ದೇವೆ.