ಆಂಫೊಟೆರಿಸಿನ್ ಏರಿಸುವ ಮುನ್ನ ಒಂದು ಲೀಟರ್ ಸಲೈನ್

2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದವರಿಗೆ ಕಪ್ಪು ಶಿಲೀಂಧ್ರ ಅಂಟಿಕೊಂಡಾಗ ಕರ್ನಾಟಕದ ಮನೆಮಾತಾದ ಔಷಧದ ಹೆಸರು ಆಂಫೊಟೆರಿಸಿನ್ ಬಿ. ಎಲ್ಲರೂ ಹುಡುಕಾಡಿದ್ದು ಅದರ ಲೈಪೊಸೋಮಲ್ ರೂಪವನ್ನು. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳೊಳಗೆ ಔಷಧವನ್ನು ತುಂಬಿರುವ ಈ ರೂಪ ಮೂತ್ರಪಿಂಡಕ್ಕೆ ಕಡಿಮೆ ಹಾನಿ ಮಾಡುತ್ತದೆ, ಆದರೆ ಬೆಲೆ ಬಹಳ. ಅದು ಸಿಗದೆ ಹೋದಾಗ ಅನೇಕ ವೈದ್ಯರು ಕೈಗೆತ್ತಿಕೊಂಡಿದ್ದು ಹಳೆಯ, ಅಗ್ಗದ ಡಿಆಕ್ಸಿಕೋಲೇಟ್ ರೂಪವನ್ನು. ಶಿಲೀಂಧ್ರವನ್ನು ಕೊಲ್ಲುವುದರಲ್ಲಿ ಅದೂ ಗಟ್ಟಿಗನೇ. ತೊಂದರೆಯೆಲ್ಲ ಮೂತ್ರಪಿಂಡದ್ದು.

ಆಂಫೊಟೆರಿಸಿನ್ ಹೊಸದೇನಲ್ಲ. ವೆನೆಜುವೆಲಾದ ಒರಿನೋಕೊ ನದಿಯ ಸೀಮೆಯಿಂದ ತಂದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಅಮೆರಿಕದ ಸ್ಕ್ವಿಬ್ ಕಂಪನಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಅಂಶವಿದೆ. ಔಷಧ ಅದಕ್ಕೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ, ಒಳಗಿನ ಲವಣಗಳು ಹೊರಗೆ ಸೋರಿ ಶಿಲೀಂಧ್ರ ಸಾಯುತ್ತದೆ. ಮನುಷ್ಯನ ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟೆರಾಲ್ ರಚನೆಯಲ್ಲಿ ಅದಕ್ಕೆ ಹತ್ತಿರದ್ದು. ಹೀಗಾಗಿ ಔಷಧ ಸ್ವಲ್ಪ ಮಟ್ಟಿಗೆ ನಮ್ಮ ಪೊರೆಗಳನ್ನೂ ತೂತು ಮಾಡುತ್ತದೆ. ಈ ಪೆಟ್ಟು ಹೆಚ್ಚು ಬೀಳುವುದು ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ.

ಅಲ್ಲಿ ಎರಡು ಬಗೆಯ ಹಾನಿಯಾಗುತ್ತದೆ. ಮೊದಲನೆಯದು, ರಕ್ತ ಸೋಸುವ ಗುಚ್ಛಕ್ಕೆ ರಕ್ತ ತರುವ ಪುಟ್ಟ ಅಪಧಮನಿ ಬಿಗಿಯುತ್ತದೆ. ನಾಳದಲ್ಲಿ ಮುಂದೆ ಹರಿದು ಹೋಗುವ ಉಪ್ಪಿನ ಪ್ರಮಾಣವನ್ನು ಅಳೆಯುವ ಜೀವಕೋಶಗಳು ಮೂತ್ರಪಿಂಡದಲ್ಲಿವೆ. ಉಪ್ಪು ಜಾಸ್ತಿಯಾಯಿತೆಂದು ಅವಕ್ಕೆ ಅನ್ನಿಸಿದರೆ, ಕಾಲುವೆ ತುಂಬಿತೆಂದು ಕೆರೆಯ ತೂಬು ಇಳಿಸಿದ ಹಾಗೆ, ಒಳಬರುವ ರಕ್ತವನ್ನೇ ತಗ್ಗಿಸುತ್ತವೆ. ಆಂಫೊಟೆರಿಸಿನ್ ಈ ವ್ಯವಸ್ಥೆಯನ್ನು ಕೆರಳಿಸುತ್ತದೆ ಎಂಬುದು ಒಂದು ಮುಖ್ಯ ವಿವರಣೆ. ಸೋಸುವಿಕೆ ಕುಗ್ಗಿ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಎರಡನೆಯದು, ನಾಳದ ಗೋಡೆಯೇ ಸೋರತೊಡಗಿ ಪೊಟ್ಯಾಸಿಯಂ ಮತ್ತು ಮೆಗ್ನೀಷಿಯಂ ಮೂತ್ರದಲ್ಲಿ ಹರಿದುಹೋಗುತ್ತವೆ.

ಮೊದಲನೆಯ ಹಾನಿಗೆ ತಡೆ, ಸಲೈನ್. ದೇಹದಲ್ಲಿ ಉಪ್ಪುನೀರು ಸಮೃದ್ಧವಾಗಿದ್ದರೆ ಆ ಅಪಧಮನಿ ಅಷ್ಟು ಸುಲಭವಾಗಿ ಬಿಗಿಯುವುದಿಲ್ಲ. ಪೆರು ದೇಶದಲ್ಲಿ ಲೀಶ್ಮೇನಿಯಾಸಿಸ್ ರೋಗಕ್ಕೆ ಆಂಫೊಟೆರಿಸಿನ್ ಪಡೆಯುತ್ತಿದ್ದ 20 ಮಂದಿಯ ಮೇಲೆ ನಡೆದು, 1991ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಪರೀಕ್ಷಿಸಿತು. ಒಂದು ಗುಂಪಿಗೆ ದಿನವೂ ಒಂದು ಲೀಟರ್ ಸಲೈನ್, ಇನ್ನೊಂದಕ್ಕೆ ಅಷ್ಟೇ ಡೆಕ್ಸ್‌ಟ್ರೋಸ್ ಕೊಡಲಾಯಿತು. ಡೆಕ್ಸ್‌ಟ್ರೋಸ್ ಪಡೆದವರಲ್ಲಿ ಕ್ರಿಯಾಟಿನಿನ್ ಏರಿತು, ಸಲೈನ್ ಪಡೆದವರು ಪಾರಾದರು. ಅಂದರೆ ಮೂತ್ರಪಿಂಡವನ್ನು ಕಾಯ್ದದ್ದು ನೀರಲ್ಲ, ಉಪ್ಪು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಕಂಡಿತು: ಸಲೈನ್ ಪಡೆದವರಿಗೆ ಪೊಟ್ಯಾಸಿಯಂ ಹೆಚ್ಚು ಕೊಡಬೇಕಾಯಿತು. ನಾಳದ ಕೊನೆಯ ಭಾಗಕ್ಕೆ ಸೋಡಿಯಂ ಹೆಚ್ಚು ತಲುಪಿದಷ್ಟೂ ಅಲ್ಲಿಂದ ಪೊಟ್ಯಾಸಿಯಂ ಹೆಚ್ಚು ಹೊರಬೀಳುತ್ತದೆ. ಆದ್ದರಿಂದ ಸಲೈನ್ ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಇದು ವಾರ್ಡಿನಲ್ಲಿ ಹೇಗೆ ನಡೆಯುತ್ತದೆಂದು ತಿಳಿಯಲು 50 ಕಿಲೋ ತೂಕದ, ಹೃದಯ ಗಟ್ಟಿಯಾಗಿರುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳೋಣ. ಆಕೆಯ ಕ್ರಿಯಾಟಿನಿನ್ 0.8, ಪೊಟ್ಯಾಸಿಯಂ 4.1. ಕಿಲೋಗೆ ಒಂದು ಮಿಲಿಗ್ರಾಂನಂತೆ ದಿನಕ್ಕೆ 50 ಮಿಲಿಗ್ರಾಂ ಹಳೆಯ ಆಂಫೊಟೆರಿಸಿನ್ ನಿಗದಿಯಾಗಿದೆ. ಬೆಳಿಗ್ಗೆ 9ಕ್ಕೆ ಒಂದು ಲೀಟರ್ ಸಲೈನ್‌ಗೆ 20 ಮಿಲಿಮೋಲ್ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಆಂಪ್ಯೂಲ್, ಬೆರೆಸಿ ಎರಡು ಗಂಟೆಯಲ್ಲಿ ಹನಿಸುತ್ತಾರೆ. ಕ್ರಿಪ್ಟೊಕಾಕಸ್ ಶಿಲೀಂಧ್ರದಿಂದ ಬರುವ ಮೆದುಳುಪೊರೆಯ ಉರಿಯೂತದ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಕ್ರಮ ಇದೇ. ಪೊಟ್ಯಾಸಿಯಂ ಆಂಪ್ಯೂಲನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತೇ ಹೋಗಬಹುದು.

ಸಲೈನ್ ಮುಗಿದ ಮೇಲೆ ಅದೇ ನಳಿಕೆಯಲ್ಲಿ ಆಂಫೊಟೆರಿಸಿನ್ ಬಿಡುವಂತಿಲ್ಲ. ಉಪ್ಪು ತಾಕಿದರೆ ಈ ಔಷಧ ಗಷ್ಟಾಗಿ ಕೂರುತ್ತದೆ. ಮೊದಲು 5% ಡೆಕ್ಸ್‌ಟ್ರೋಸ್‌ನಿಂದ ನಳಿಕೆಯನ್ನು ತೊಳೆದು, 500 ಮಿಲಿಲೀಟರ್ ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿದ ಔಷಧವನ್ನು ನಾಲ್ಕರಿಂದ ಆರು ಗಂಟೆ ನಿಧಾನವಾಗಿ ಏರಿಸಬೇಕು. ಜೊತೆಗೆ ದಿನಕ್ಕೆರಡು ಬಾರಿ ಪೊಟ್ಯಾಸಿಯಂ ಮತ್ತು ಮೆಗ್ನೀಷಿಯಂ ಮಾತ್ರೆ.

ಈಗ ಆರನೆಯ ದಿನಕ್ಕೆ ಬರೋಣ. ಆಕೆಗೆ ಮೆಗ್ನೀಷಿಯಂ ಮಾತ್ರೆಯಿಂದ ಭೇದಿಯಾಗಿ, ಅದನ್ನು ನಿಲ್ಲಿಸಲಾಗಿದೆ. ಎದ್ದು ನಿಂತರೆ ತೊಡೆ ಸೋಲುತ್ತದೆ, ರಾತ್ರಿ ಮೀನಖಂಡ ಹಿಡಿಯುತ್ತದೆ. ಪೊಟ್ಯಾಸಿಯಂ 2.9ಕ್ಕೆ ಇಳಿದಿದೆ. ಸಾಮಾನ್ಯವಾಗಿ ಅದು 3.5ಕ್ಕಿಂತ ಕೆಳಗೆ ಬರಬಾರದು. ಸಲೈನ್‌ಗೆ ಎರಡು ಆಂಪ್ಯೂಲ್ ಹಾಕುತ್ತಾರೆ, ಮಾತ್ರೆಯನ್ನೂ ಹೆಚ್ಚಿಸುತ್ತಾರೆ. ಎರಡು ದಿನ ಕಳೆದರೂ ಪೊಟ್ಯಾಸಿಯಂ 3 ದಾಟುವುದಿಲ್ಲ. ಆಗ ಮೆಗ್ನೀಷಿಯಂ ನೋಡಿದರೆ 1.2. ಇರಬೇಕಾದದ್ದು ಸುಮಾರು 1.7ರ ಮೇಲೆ.

ಕಾರಣ ಇಲ್ಲಿದೆ. ನಾಳದ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗಲು ಸಣ್ಣ ದ್ವಾರಗಳಿವೆ. ಅವುಗಳನ್ನು ಒಳಗಿನಿಂದ ಮುಚ್ಚಿ ಹಿಡಿಯುವುದು ಮೆಗ್ನೀಷಿಯಂ. ಅದು ಕಡಿಮೆಯಾದರೆ ದ್ವಾರಗಳು ತೆರೆದುಕೊಂಡು, ಕೊಟ್ಟ ಪೊಟ್ಯಾಸಿಯಂ ಮೂತ್ರದ ದಾರಿ ಹಿಡಿಯುತ್ತದೆ. ಮೆಗ್ನೀಷಿಯಂ ಸಲ್ಫೇಟನ್ನು ದ್ರವದಲ್ಲಿ ಬೆರೆಸಿ ಹಲವು ಗಂಟೆ ಹನಿಸಿದ ಮೇಲೆಯೇ ಆಕೆಯ ಪೊಟ್ಯಾಸಿಯಂ ಮೇಲೇಳುತ್ತದೆ. ಪರೀಕ್ಷೆಯ ಸೌಲಭ್ಯವಿಲ್ಲದ ಕಡೆಯೂ ಮೆಗ್ನೀಷಿಯಂ ಕೊಡಬೇಕೆಂಬುದಕ್ಕೆ ಇದೇ ಆಧಾರ.

ಇಷ್ಟೆಲ್ಲ ಮಾಡಿದರೂ ಮೂತ್ರಪಿಂಡ ಕೆಲವೊಮ್ಮೆ ಸೋಲುತ್ತದೆ. ಒಂಬತ್ತನೆಯ ದಿನ ಆಕೆಯ ಕ್ರಿಯಾಟಿನಿನ್ 1.7 ಆಯಿತೆನ್ನಿ, ಅಂದರೆ ಮೊದಲಿನ ಎರಡರಷ್ಟಕ್ಕಿಂತ ಹೆಚ್ಚು. ಆಗ ಒಂದು ದಿನದ ಔಷಧವನ್ನು ಬಿಡುವುದು, ಇಲ್ಲವೇ ಎಂಟು ಗಂಟೆಗೊಂದರಂತೆ ಒಂದು ಲೀಟರ್ ಸಲೈನ್ ಕೊಡುವುದು ರೂಢಿ. ಪೊಟ್ಯಾಸಿಯಂ ವಿಚಾರದಲ್ಲಿ ಈಗ ಲೆಕ್ಕ ತಿರುಗುತ್ತದೆ. ಸೋಸುವಿಕೆ ಕುಗ್ಗಿ ಮೂತ್ರ ಇಳಿದ ದೇಹದಲ್ಲಿ ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಪೊಟ್ಯಾಸಿಯಂ ಶೇಖರವಾಗಿ ಅಪಾಯ ತರುತ್ತದೆ. ಅದಕ್ಕೇ ದಿನವೂ ರಕ್ತ ಪರೀಕ್ಷೆ ಬೇಕಾಗುತ್ತದೆ. ಔಷಧ ನಿಲ್ಲಿಸಿದ ಮೇಲೆ ಕ್ರಿಯಾಟಿನಿನ್ ಹೆಚ್ಚಿನವರಲ್ಲಿ ಇಳಿಯುತ್ತದೆ, ಲವಣದ ಸೋರಿಕೆ ಮಾತ್ರ ಕೆಲವು ಕಾಲ ಉಳಿಯಬಹುದು.

ಸಲೈನ್ ಎಲ್ಲರಿಗೂ ಒಗ್ಗುವುದಿಲ್ಲ. ಹೃದಯ ದುರ್ಬಲವಾಗಿರುವವರಿಗೆ, ಕಾಲು ಊದಿಕೊಂಡಿರುವವರಿಗೆ ದಿನಕ್ಕೊಂದು ಲೀಟರ್ ಕೂಡ ಶ್ವಾಸಕೋಶದಲ್ಲಿ ನೀರು ತುಂಬಲು ಸಾಕು. ತೂಕ ದಿನೇ ದಿನೇ ಏರುವುದು, ಮಲಗಿದಾಗ ಉಸಿರು ಕಟ್ಟುವುದು ಅದರ ಸೂಚನೆಗಳು. ಅಂಥವರಿಗೆ ಲೈಪೊಸೋಮಲ್ ರೂಪವೇ ಸೂಕ್ತ. ಅದನ್ನು ಪಡೆಯುವವರಲ್ಲೂ ಪೊಟ್ಯಾಸಿಯಂ, ಮೆಗ್ನೀಷಿಯಂ ಇಳಿಯುವುದರಿಂದ ನಿಗಾ ತಪ್ಪಿದ್ದಲ್ಲ.

ಮನೆಯವರೊಬ್ಬರಿಗೆ ಈ ಔಷಧ ಏರುತ್ತಿದ್ದರೆ ವಾರಕ್ಕೆ ಎರಡು ಬಾರಿಯಾದರೂ ಕ್ರಿಯಾಟಿನಿನ್, ಪೊಟ್ಯಾಸಿಯಂ ವರದಿ ಕೇಳಿ ನೋಡಿ. ಪ್ರಯೋಗಾಲಯಗಳ ಸಾಮಾನ್ಯ ಎಲೆಕ್ಟ್ರೊಲೈಟ್ ಪರೀಕ್ಷೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮಾತ್ರ ಇರುತ್ತವೆ. ಮೆಗ್ನೀಷಿಯಂ ಬೇಕೆಂದರೆ ಚೀಟಿಯಲ್ಲಿ ಬೇರೆಯಾಗಿ ಬರೆಸಬೇಕು. ಬರೆದಿದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಡಿ.