ದಾರಕ್ಕೆ ಕಟ್ಟಿದ ಕಲ್ಲು, ಸೂರ್ಯನಿಗೆ ಕಟ್ಟಿದ ಶನಿ

ಗ್ರಹಗಳ ಪಾಠ ಬಂತೆಂದರೆ ದಾರಕ್ಕೆ ಕಟ್ಟಿದ ಕಲ್ಲೂ ಬರುತ್ತದೆ. ಕಲ್ಲು ಗ್ರಹ, ಕೈ ಸೂರ್ಯ, ದಾರದ ಎಳೆತವೇ ಗುರುತ್ವಾಕರ್ಷಣೆ ಎಂದು ಹೇಳಿ ಮೇಷ್ಟ್ರು ಪುಟ ಮಗುಚುತ್ತಾರೆ. ಅಲ್ಲೇ ನಿಂತು ಗಡಿಯಾರ ಹಿಡಿದು ಅಳೆದರೆ, ಕಲ್ಲು ಗ್ರಹದ ಹಾಗೆ ನಡೆದುಕೊಳ್ಳುವುದಿಲ್ಲ ಎಂಬುದು ಗೊತ್ತಾಗುತ್ತದೆ. ನನ್ನ ಪ್ರಕಾರ ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ.

ಖಾಲಿ ಬಾಲ್‌ಪೆನ್ನಿನ ಕೊಳವೆಯಲ್ಲಿ ನೈಲಾನ್ ದಾರ ತೂರಿಸಿ. ಮೇಲಿನ ತುದಿಗೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ 20 ಗ್ರಾಂ ಕಲ್ಲು, ಕೆಳಗಿನ ತುದಿಗೆ 100 ಗ್ರಾಂ ತೂಗುವಷ್ಟು ಕಬ್ಬಿಣದ ನಟ್ಟುಗಳನ್ನು ಕಟ್ಟಿ. ಬಯಲಿನಲ್ಲಿ ನಿಂತು, ಕೊಳವೆ ಹಿಡಿದು, ಕಲ್ಲನ್ನು ತಲೆಯ ಮೇಲೆ ತಿರುಗಿಸಿ. ನಟ್ಟುಗಳು ಏರದೆ ಇಳಿಯದೆ ನಿಂತರೆ ವೇಗ ಸರಿಯಾಗಿದೆ. ಕೊಳವೆಯ ಬಾಯಿ ಒರಟಾಗಿದ್ದರೆ ಮಾತ್ರ ನಂಬಬೇಡಿ. ಆಗ ದಾರ ಉಜ್ಜಿಕೊಂಡು, ತಪ್ಪು ವೇಗದಲ್ಲೂ ನಟ್ಟುಗಳು ನಿಂತುಬಿಡುತ್ತವೆ.

ಕಲ್ಲಿನ ಕಡೆಯ ದಾರ 25 ಸೆಂ.ಮೀ. ಇದ್ದಾಗ 20 ಸುತ್ತಿಗೆ ಸುಮಾರು 9 ಸೆಕೆಂಡು ಬೇಕು. ಅದನ್ನೇ 1 ಮೀಟರ್ ಮಾಡಿದರೆ 18 ಸೆಕೆಂಡು. ಸುತ್ತುವ ದಾರಿ ನಾಲ್ಕು ಪಟ್ಟಾಯಿತು, ಸಮಯ ಎರಡೇ ಪಟ್ಟು. ಅಂದರೆ ದೂರದ ಕಲ್ಲೇ ಜೋರಾಗಿ ಓಡುತ್ತಿದೆ!

ಆಕಾಶದಲ್ಲಿ ಇದು ತಿರುವುಮುರುವು. ಪಂಚಾಂಗ ನೋಡುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಶನಿ ಒಂದು ರಾಶಿ ದಾಟಲು ಎರಡೂವರೆ ವರ್ಷ ಹಿಡಿಯುತ್ತದೆ. ಹನ್ನೆರಡು ರಾಶಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ. ಸೂರ್ಯನಿಂದ ಅದರ ದೂರ ನಮ್ಮ ದೂರದ ಒಂಬತ್ತೂವರೆ ಪಟ್ಟು ಮಾತ್ರ. ಭೂಮಿಯಷ್ಟೇ ವೇಗವಿದ್ದಿದ್ದರೆ ಒಂಬತ್ತೂವರೆ ವರ್ಷ ಸಾಕಿತ್ತು. ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡುವಾಗ ಶನಿ 10 ಕಿ.ಮೀ. ಕೂಡ ದಾಟುವುದಿಲ್ಲ. ಇದರ ಲೆಕ್ಕವನ್ನು ಕೆಪ್ಲರ್ 1619ರಲ್ಲಿ ಪ್ರಕಟಿಸಿದ: ಅವಧಿಯ ವರ್ಗವು ದೂರದ ಘನದಂತೆ ಬೆಳೆಯುತ್ತದೆ. ದೂರ ನಾಲ್ಕು ಪಟ್ಟಾದರೆ ಅದರ ಘನ 64, ಅದರ ವರ್ಗಮೂಲ 8. ಹಾಗಾಗಿ ಅವಧಿ ಎಂಟು ಪಟ್ಟು.

ನಮ್ಮ ಕಲ್ಲು ಎರಡೇ ಪಟ್ಟು ಕೊಟ್ಟಿತಲ್ಲ, ಯಾಕೆ? ದಾರ ಎಷ್ಟು ಉದ್ದವಾದರೂ ಎಳೆಯುವ ನಟ್ಟುಗಳು ಅಷ್ಟೇ ಇದ್ದವು. ವೃತ್ತದಲ್ಲಿ ಹಿಡಿದಿಡಲು ಬೇಕಾದ ಎಳೆತ ಎಷ್ಟೆಂದು ತಿಳಿಯಲು ದೂರವನ್ನು ಅವಧಿಯ ವರ್ಗದಿಂದ ಭಾಗಿಸಿದರಾಯಿತು. ಕಲ್ಲಿಗೆ 4 ಭಾಗಿಸು 4, ಅಂದರೆ 1: ಎಳೆತ ಬದಲಾಗಿಲ್ಲ. ಗ್ರಹಕ್ಕೆ 4 ಭಾಗಿಸು 64, ಅಂದರೆ ಹದಿನಾರನೇ ಒಂದು. ದೂರ ನಾಲ್ಕು ಪಟ್ಟಾದಾಗ ಸೂರ್ಯನ ಎಳೆತ ನಾಲ್ಕರ ವರ್ಗದಷ್ಟು ಕುಗ್ಗಿದೆ. ನ್ಯೂಟನ್ 1687ರಲ್ಲಿ ಮುಂದಿಟ್ಟ ವಿಲೋಮ ವರ್ಗ ನಿಯಮ ಇದೇ.

ಹಾಗಾದರೆ 1 ಮೀಟರಿನಲ್ಲಿ ನಟ್ಟುಗಳನ್ನು 6 ಗ್ರಾಮಿಗೆ ಇಳಿಸಿ ನೋಡೋಣವೇ? ಆಗುವುದಿಲ್ಲ. 6 ಗ್ರಾಂ ತೂಕ 20 ಗ್ರಾಂ ಕಲ್ಲನ್ನು ಎತ್ತಿಹಿಡಿಯಲಾರದು, ಕಲ್ಲು ನೆಲಕ್ಕೆ ಜಾರುತ್ತದೆ. ಗ್ರಹವನ್ನು ಪಕ್ಕದಿಂದ ಹೀಗೆ ಜಗ್ಗುವ ಇನ್ನೊಂದು ದೊಡ್ಡ ಎಳೆತವಿಲ್ಲ.

ಕಲ್ಲು ನಿಜ ಹೇಳುವ ಜಾಗವೂ ಒಂದಿದೆ. ತಿರುಗುತ್ತಿರುವಾಗಲೇ ನಟ್ಟುಗಳನ್ನು ಕೆಳಕ್ಕೆ ಎಳೆದು ದಾರವನ್ನು ಅರ್ಧ ಮಾಡಿ. ಕಲ್ಲಿನ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎಳೆತ ಕೇಂದ್ರದ ಕಡೆಗೇ ಇದ್ದರೆ, ಅದು ಎಷ್ಟೇ ಇರಲಿ, ದಾರ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರವನ್ನು ಸವರುತ್ತದೆ. ಕೆಪ್ಲರನ ಎರಡನೇ ನಿಯಮವಿದು. ಜನವರಿ ಮೊದಲ ವಾರ ಸೂರ್ಯನಿಗೆ ಅತಿ ಸಮೀಪ ಬರುವ ಭೂಮಿ ಸೆಕೆಂಡಿಗೆ 30.3 ಕಿ.ಮೀ. ಓಡುತ್ತದೆ, ಜುಲೈನಲ್ಲಿ 29.3.