ಹಡಗು ಹತ್ತಿದ ಕಾಳುಮೆಣಸು: ನಷ್ಟ ಯಾರ ತಲೆಗೆ?

ಇಪ್ಪತ್ತು ಕ್ವಿಂಟಾಲ್ ಕಾಳುಮೆಣಸನ್ನು ನಾವೇ ವಿದೇಶಕ್ಕೆ ಕಳಿಸಿದೆವು ಎಂದಿಟ್ಟುಕೊಳ್ಳಿ. ಕಿಲೋಗೆ 600 ರೂ.ನಂತೆ 12 ಲಕ್ಷದ ಮಾಲು. ಮಂಗಳೂರು ಬಂದರಿನ ತನಕ ಲಾರಿ, ಅಲ್ಲಿಂದ ಹಡಗು. ದಾರಿಯಲ್ಲಿ ಚೀಲ ಒದ್ದೆಯಾದರೆ ನಷ್ಟ ಯಾರದು? ಇದನ್ನು ಹೇಳುವುದು ವಿಮಾ ಪಾಲಿಸಿಯಲ್ಲ, ಮಾರಾಟದ ಕರಾರಿನಲ್ಲಿರುವ ಮೂರು ಅಕ್ಷರ.

ಎಫ್‌ಒಬಿ ಎಂದಿದ್ದರೆ, ಮಾಲು ಹಡಗಿನೊಳಗೆ ಹೋಗುವ ತನಕ ಹೊಣೆ ನಮ್ಮದು, ಆಮೇಲೆ ಕೊಳ್ಳುವವರದು. 'ಅವರು ವಿಮೆ ಮಾಡಿದ್ದಾರಲ್ಲ' ಎಂದು ಸುಮ್ಮನಿರಬೇಡಿ. ಅವರ ವಿಮೆ ಸಾಮಾನ್ಯವಾಗಿ ಅವರ ಹೊಣೆ ಶುರುವಾದ ಮೇಲಿನದು. ಘಾಟಿಯಲ್ಲಿ ಲಾರಿ ಮಗುಚಿದರೆ, ಬಂದರಿನ ಅಂಗಳದಲ್ಲಿ ಮಳೆಗೆ ನೆನೆದರೆ ಪೆಟ್ಟು ನಮಗೇ. ಗೋದಾಮಿನಿಂದ ಹಡಗಿನ ತನಕ ನಾವೇ ಬೇರೆ ವಿಮೆ ಮಾಡಿಸಬೇಕು.

ಸಿಐಎಫ್ ಎಂದಿದ್ದರೆ ಹಡಗಿನ ಬಾಡಿಗೆ, ವಿಮೆಯ ಕಂತು ಎರಡನ್ನೂ ನಾವು ಕಟ್ಟುತ್ತೇವೆ. ಆದರೂ ಹೊಣೆ ಕೈ ಬದಲಾಯಿಸುವುದು ಹಡಗು ಹತ್ತಿದಾಗಲೇ. ಆಮೇಲಿನ ನಷ್ಟಕ್ಕೆ ಪರಿಹಾರ ಕೇಳುವವರು ಕೊಂಡವರು. ಸಿಐಎಫ್ ಬೆಲೆಯೇ 12 ಲಕ್ಷವಾಗಿದ್ದರೆ, ಕನಿಷ್ಠ ಅದರ ಶೇ. 110ಕ್ಕೆ, ಅಂದರೆ 13.20 ಲಕ್ಷಕ್ಕೆ ವಿಮೆ ಇರಬೇಕು.

ಇಲ್ಲೊಂದು ಎಡವಟ್ಟಿದೆ. ಕರಾರಿನಲ್ಲಿ ಬೇರೇನೂ ಹೇಳದಿದ್ದರೆ ಸಿಐಎಫ್‌ಗೆ 'ಸಿ' ನಮೂನೆಯ ವಿಮೆ ಸಾಕು. ಕಂತು ಕಡಿಮೆ, ರಕ್ಷಣೆಯೂ ಕಡಿಮೆ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ಲಾರಿ ಮಗುಚಿದರೆ ಪರಿಹಾರ ಉಂಟು. ಕಳವಾದರೆ, ಕಂಟೇನರಿನೊಳಗೆ ಸಮುದ್ರದ ನೀರು ನುಗ್ಗಿದರೆ ಇಲ್ಲ. ಇವೆರಡೂ 'ಎ' ನಮೂನೆಯಲ್ಲಿ ಸೇರುತ್ತವೆ.

'ಎ' ಆದರೂ ಎಲ್ಲಕ್ಕೂ ಪರಿಹಾರವಿಲ್ಲ. ಸಹಜವಾಗಿ ತೂಕ ಇಳಿದದ್ದು, ಚೀಲ ಕಟ್ಟಿದ್ದು ಸರಿಯಿಲ್ಲದೆ ಹಾಳಾದದ್ದು, ಹಡಗು ತಡವಾದ್ದರಿಂದ ಆದ ನಷ್ಟ, ಇವೆಲ್ಲ ಹೊರಗೆ. ಯುದ್ಧ, ಮುಷ್ಕರಗಳಿಗೆ ಬೇರೆ ಕಂತು. ಕೊಂಡವರು ಹಣ ಕೊಡದಿದ್ದರೂ ಈ ವಿಮೆ ಬರುವುದಿಲ್ಲ. ಅದಕ್ಕೆ ಇಸಿಜಿಸಿಯ ಸಾಲ ವಿಮೆಯೇ ಬೇರೆ.

ಮೆಣಸಿನವರು ಹೆಚ್ಚಾಗಿ ಸಿಕ್ಕಿಬೀಳುವುದು ಮಾಲಿನ 'ಒಳಗುಣ'ದಿಂದ ಆದ ಹಾನಿಯಲ್ಲಿ. ಅರೆ ಒಣಗಿದ ಮೆಣಸು ಕಂಟೇನರಿನ ಸೆಕೆಗೆ ತೇವ ಬಿಡುತ್ತದೆ. ಹಡಗು ತಂಪು ಪ್ರದೇಶ ಸೇರಿದಾಗ ಆ ತೇವ ತಗಡಿನ ಮಾಡಿಗೆ ಹನಿಗಟ್ಟಿ ಚೀಲದ ಮೇಲೆಯೇ ತೊಟ್ಟಿಕ್ಕುತ್ತದೆ, ಬೂಸ್ಟು ಬರುತ್ತದೆ. ಸಮುದ್ರದ ನೀರೇ ಎಂದು ನಾವು ವಾದಿಸಬಹುದು. ಆದರೆ ಸರ್ವೇಯರು ಒದ್ದೆ ಚೀಲಕ್ಕೆ ಸಿಲ್ವರ್ ನೈಟ್ರೇಟ್ ಹನಿಸಿ ನೋಡುತ್ತಾರೆ. ಬಿಳಿಯಾದರೆ ಉಪ್ಪುನೀರಿನ ಸುಳಿವು. ಆಗದಿದ್ದರೆ, 'ನಿಮ್ಮ ಮೆಣಸಿನದ್ದೇ ತೇವ' ಎನ್ನುವ ಮಾತು ಬಂದೇ ಬರುತ್ತದೆ.

ಆಗ ಕೈಹಿಡಿಯುವುದು ಕಾಗದ. ಮೆಣಸನ್ನು ಶೇ. 11ರ ತೇವಕ್ಕೆ ಒಣಗಿಸಿ, ತುಂಬುವ ದಿನವೇ ಪ್ರಯೋಗಾಲಯದ ವರದಿ ಪಡೆಯಿರಿ. ಖಾಲಿ ಕಂಟೇನರಿನೊಳಗೆ ನಿಂತು ಬಾಗಿಲು ಹಾಕಿಸಿ. ಎಲ್ಲಿಂದಾದರೂ ಬೆಳಕು ಕಂಡರೆ ಅಲ್ಲಿ ನೀರೂ ಬರುತ್ತದೆ. ಬೇರೆ ಕಂಟೇನರ್ ಕೇಳಿ.